ತೆಗಿ ಅಂದ್ರು, ತೆಗದೆ

'ಬಡಾವಣೆ ಸುದ್ದಿ' ವಾರಪತ್ರಿಕೆಗೆ ಸೇರಿದ ಮೊದಲ ವಾರವೇ ಜಯಾ ಎಲ್ಲರೆದುರು ಮರ್ಯಾದೆ ಕಳೆದುಕೊಂಡಿದ್ದಳು. ಜಯನಗರದ ಒಬ್ಬ ಸಂಗೀತದ ಟೀಚರ್ ಬಗ್ಗೆ ಬರೆಯುತ್ತ, 'ತಮಗೆ ಇಬ್ಬರು ಮಕ್ಕಳಿದ್ದಾರೆ ಎಂದು ಅವರು ಒಪ್ಪಿಕೊಂಡರು' ಎಂದು ಹಾಕಿಬಿಟ್ಟಿದ್ದಳು. 'ಹೇಳಿದರು' ಎಂದು ಬರೆದೂ ಬರೆದೂ ಬೇಜಾರಾಗಿ, ಬದಲಾವಣೆಗೆ ಇರಲಿ ಅಂತ ಹಾಕಿದ ಪದ ಅದು. ಸಂಪಾದಕ ಸೇತುರಾಮ ಅದನ್ನು ಇಡೀ ಆಫೀಸಿಗೆ ಕೇಳುವ ಹಾಗೆ ಓದಿದ.

"ಯಾಕಮ್ಮ, ಮಕ್ಕಳಾಗಿದ್ದು ಅವರ ತಪ್ಪಾ? ಪೊಲೀಸ್ನೋರು ನಾಲ್ಕು ಬಿಟ್ಟು ಬಾಯಿ ಬಿಡಿಸಿದ್ರಾ?"

ಇಡೀ ಆಫೀಸು ನಕ್ಕಿತು. ಇಡೀ ಆಫೀಸು ಅಂದರೆ ಪುಟ ಕಟ್ಟುವ ಮನು ಮತ್ತು ಜಾಹೀರಾತು ನೋಡಿಕೊಳ್ಳುವ ವಿಮಲಾ, ಅಷ್ಟೇ. ಆದರೆ ಬಾಗಲಕೋಟೆ ಕಡೆಯಿಂದ ಬಂದು, ಬಿಟಿಎಂನಲ್ಲಿ ಇನ್ನಿಬ್ಬರ ಜೊತೆ ಒಂದು ರೂಮಿನಲ್ಲಿದ್ದು, ಇದೇ ಮೊದಲ ಕೆಲಸ ಅನ್ನುವ ಹುಡುಗಿಗೆ ಇಬ್ಬರು ನಕ್ಕರೂ ಊರೇ ನಕ್ಕ ಹಾಗೆ.

ನಗಿಸಿ ಮುಗಿದ ಮೇಲೆ ಸೇತುರಾಮ ಕಾಫಿ ತರಿಸಿ, ಕುರ್ಚಿ ಎಳೆದುಕೊಂಡು ಪಾಠ ಹೇಳಿದ. ಅವನು ಎಂಥವನೇ ಇರಲಿ, ಪಾಠ ಮಾತ್ರ ಅಪ್ಪಟವಾಗಿತ್ತು.

"ನೋಡು. ಹೇಳಿದರು ಅಂದ್ರೆ ನಾವು ಬರೀ ಕೂಲಿಯೋರು. ಅವರ ಮಾತು ಹೊತ್ಕೊಂಡು ಬಂದು ಇಳಿಸಿದ್ವಿ, ಒಳಗೇನಿದೆ ಅಂತ ಬಿಚ್ಚಿ ನೋಡ್ಲಿಲ್ಲ. ತಿಳಿಸಿದರು ಅಂದ್ರೆ ಅವರಿಗೆ ಗೊತ್ತಿದೆ, ಮಾಹಿತಿ ಕೊಟ್ರು, ನಾವು ನಂಬಿದ್ವಿ. ಹೇಳಿಕೊಂಡರು ಅಂದ್ರೆ, ಇವರು ಹಂಗಂತಿದಾರೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು ಅಂತ ಓದೋರಿಗೆ ಕಣ್ಣು ಹೊಡೆದಂಗೆ. ಆರೋಪಿಸಿದರು ಅಂದ್ರೆ ಇನ್ನೊಬ್ಬರ ಮೇಲೆ ಹೊರಿಸಿದ್ರು, ಸಾಬೀತಾಗಿಲ್ಲ, ನಾವು ಹೊಣೆ ಅಲ್ಲ. ಒಪ್ಪಿಕೊಂಡರು ಅಂತ ಬರೆಯೋ ಮುಂಚೆ ಮಾತ್ರ ಕೈ ನಡುಗ್ಬೇಕು. ಯಾಕೆ ಹೇಳು?"

"ಅವರು ತಪ್ಪು ಮಾಡಿರ್ಬೇಕು ಸಾರ್, ಅದಕ್ಕೆ."

"ಅದು ತಪ್ಪು ಅಂತ, ಅವರೇ ಮಾಡಿದ್ದು ಅಂತ, ಹೇಳೋಕೆ ಇಷ್ಟ ಇರ್ಲಿಲ್ಲ ಅಂತ, ಎಲ್ಲಾ ನಾವೇ ತೀರ್ಮಾನ ಮಾಡಿಬಿಟ್ವಿ. ಒಂದು ಪದದಲ್ಲಿ ಕೋರ್ಟೂ ಮುಗೀತು, ಜೈಲೂ ಆಯ್ತು."

ಜಯಾಗೆ ಅವತ್ತು ಅವನ ಮೇಲೆ ಗೌರವವೇ ಹುಟ್ಟಿತು. ನಾವಿಲ್ಲಿ ಸೇತುರಾಮನನ್ನು 'ಅವನು' ಎಂದೇ ಕರೆಯೋಣ. ಬಹುವಚನವನ್ನು ಅವನು ಯಾರಿಗೆ ಕೊಡುತ್ತಿದ್ದ, ಯಾರಿಂದ ಕಿತ್ತುಕೊಳ್ಳುತ್ತಿದ್ದ ಎಂಬುದನ್ನು ನೋಡಿದವರಿಗೆ ಅವನಿಗೊಂದು ಬಹುವಚನ ದಂಡ ಮಾಡಲು ಮನಸ್ಸು ಬರುವುದಿಲ್ಲ.

ಪತ್ರಿಕೆಯ ಆಫೀಸು ಇದ್ದದ್ದು ಬನಶಂಕರಿಯಲ್ಲಿ, ಚಿಕ್ಕಬೈರಪ್ಪನ ಕಟ್ಟಡದ ಎರಡನೇ ಮಹಡಿಯಲ್ಲಿ. ಹೊಸಕೆರೆಹಳ್ಳಿಯಲ್ಲಿ ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಅವನು ಬಾಡಿಗೆ ಬೆಳೆಯುತ್ತಿದ್ದ. ಒಳ್ಳೆಯ ಮನುಷ್ಯ, ನಗುನಗುತ್ತ ಮಾತಾಡುವವನು. ವಾರಕ್ಕೊಂದು ಸಲ ಮೇಲೆ ಬಂದು, ಕಾಫಿ ಕುಡಿದು, "ಏನ್ ಸೇತುರಾಮ್, ಲೋಕ ಹೆಂಗಿದೆ" ಎಂದು ಕೇಳಿ ಹೋಗುತ್ತಿದ್ದ. ಕೊನೆಯ ಪುಟದ ದೊಡ್ಡ ಜಾಹೀರಾತು ಅವನದೇ, ಅಂದರೆ ಅವನ ಸೊಸೆ ಅರ್ಪಿತಳದು. ಅವಳು ಜೆ.ಪಿ. ನಗರದಲ್ಲಿ ಚಿಕ್ಕ ಮಕ್ಕಳ ಪ್ಲೇ ಹೋಂ ನಡೆಸುತ್ತಿದ್ದಳು.

ಆ ಪ್ಲೇ ಹೋಮಿನಲ್ಲೇ ಒಂದು ಮಂಗಳವಾರ ಬೆಳಿಗ್ಗೆ ಮೋಹಿತ್ ಎಂಬ ಮೂರೂವರೆ ವರ್ಷದ ಮಗು ತೆರೆದ ಗೇಟಿನತ್ತ ಓಡಿತು. ನೀರಿನ ಟ್ಯಾಂಕರು ಹಿಂದಕ್ಕೆ ಬರುತ್ತಿತ್ತು. ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ನಜ್ಜುಗುಜ್ಜಾಯಿತು.

ಜಯಾ ಹೋದಾಗ ಮಕ್ಕಳನ್ನೆಲ್ಲ ಮನೆಗೆ ಕಳಿಸಿಯಾಗಿತ್ತು. ಅರ್ಪಿತ ಆಫೀಸ್ ರೂಮಿನಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಮಾತಾಡಿದಳು. "ಸ್ಕೂಲ್ ಟೈಮಲ್ಲಿ ಗೇಟ್ ಯಾವಾಗ್ಲೂ ಲಾಕ್ ಇರುತ್ತೆ. ಪರ್ಮಿಷನ್ ಇಲ್ದೆ ಯಾರೂ ತೆಗೆಯಂಗಿಲ್ಲ. ಅದು ನಮ್ಮ ರೂಲ್." ಇವತ್ತು ಪರ್ಮಿಷನ್ ಕೊಟ್ಟಿದ್ದು ಯಾರು ಎಂದು ಜಯಾ ಕೇಳಿದ್ದಕ್ಕೆ, "ನಾನು ರೂಲ್ ಹೇಳಿದೀನಲ್ಲ" ಎಂದು ಫೋನ್ ಎತ್ತಿಕೊಂಡಳು.

ಹೊರಗೆ ಗೇಟಿನ ಹತ್ತಿರ ಆಯಾ ತಂಗೆವ್ವ ನೆಲ ತೊಳೆಯುತ್ತಿದ್ದಳು, ಆ ಟ್ಯಾಂಕರಿನಿಂದಲೇ ಇಳಿಸಿಕೊಂಡ ನೀರಿನಲ್ಲಿ. ಅಷ್ಟು ಹೊತ್ತೂ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಇಂಗ್ಲಿಷ್ ಪತ್ರಿಕೆಯ ಹುಡುಗನೊಬ್ಬ ಕೇಳಿ ಕೇಳಿ ಸಾಕಾಗಿ ಹೋಗಿದ್ದ. ಜಯಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಎಕ್ಕಾ, ಯಾವ ಊರಾತ್ರೀ ನಿಮ್ದು?" ಅಂದಳು. ಅಷ್ಟು ಸಾಕಾಯಿತು. ಊರಿನ ಮಾತು ಕೇಳಿದ್ದೇ ತಂಗೆವ್ವನಿಗೆ ಅಳು ಬಂತು.

"ಬದಾಮಿ ಕಡೆಯವ್ರು ಯವ್ವಾ. ನೀನೂ ನಮ್ಮ ಕಡೆಯಾಕಿನ ಏನು? ನಿನ್ನ ಮುಂದ ಯಾಕ ಮುಚ್ಚಿಡ್ಲಿ. ನೀರು ಖಾಲಿ ಆಗಿತ್ತು. ಟ್ಯಾಂಕರ್ ಬಂತು. ಮ್ಯಾಡಮ್ಮಾರು ತೆಗಿ ಅಂದ್ರು, ನಾ ತೆಗದೆ. ಒಳಗ ಒಂದು ಕೂಸು ವಾಂತಿ ಮಾಡ್ಕೊಂಡಿತ್ತು, ಅದನ್ನ ನೋಡು ಬಾ ಅಂತ ಅವರಽ ಕರದ್ರು, ಹೋದೆ. ಬರೂದ್ರಾಗ ಹಿಂಗಾಗಿತ್ತು."

ಆ ಮಾತು ಜಯಾಳ ಕಿವಿಯಲ್ಲಿ ಹಾಗೇ ಉಳಿಯಿತು: ತೆಗಿ ಅಂದ್ರು, ತೆಗದೆ. ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಜಾಗವಿರಲಿಲ್ಲ.

ಜಯಾ ಹಾಗೇ ಬರೆದಳು. ಗೇಟ್ ತೆಗೆಯುವಂತೆ ಮೇಡಂ ಹೇಳಿದ್ದರಿಂದ ತಾವು ತೆಗೆದುದಾಗಿ ತಂಗೆವ್ವ ಹೇಳಿದರು. ಅನುಮತಿ ಇಲ್ಲದೆ ಗೇಟ್ ತೆಗೆಯುವಂತಿಲ್ಲ ಎಂಬುದು ಸಂಸ್ಥೆಯ ನಿಯಮ ಎಂದು ಅರ್ಪಿತ ಹೇಳಿದರು. ಇಬ್ಬರಿಗೂ ಒಂದೇ ಕ್ರಿಯಾಪದ, ಇಬ್ಬರಿಗೂ ಒಂದೇ ವಚನ. ಓದುಗರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಲಿ ಎಂದು ಕಳಿಸಿದಳು. ಚೆನ್ನಾಗಿ ಬರೆದಿದ್ದೇನೆ ಅನ್ನಿಸಿ ಸ್ವಲ್ಪ ಹೆಮ್ಮೆಯೂ ಆಯಿತು, ಪಾಪ.

ಬುಧವಾರ ಮಧ್ಯಾಹ್ನ ಪುಟ ಅಚ್ಚಿಗೆ ಹೋಗುವ ಮುಂಚೆ ಸೇತುರಾಮ ಅವಳನ್ನು ಕರೆದ. ಪರದೆಯ ಮೇಲೆ ಅವಳ ವರದಿ ಇತ್ತು.

'ಗೇಟ್ ತೆಗೆದದ್ದು ತಾನೇ ಎಂದು ಆಯಾ ತಂಗೆವ್ವ ಒಪ್ಪಿಕೊಂಡಿದ್ದಾಳೆ. ಹಾಗೆ ಮಾಡಲು ಮೇಡಂ ಸೂಚಿಸಿದ್ದರು ಎಂದು ಹೇಳಿಕೊಂಡಿದ್ದಾಳೆ. ಅನುಮತಿ ಇಲ್ಲದೆ ಗೇಟ್ ತೆಗೆಯುವಂತಿಲ್ಲ ಎಂದು ಸಂಸ್ಥೆಯ ಮುಖ್ಯಸ್ಥೆ ಅರ್ಪಿತ ಸ್ಪಷ್ಟಪಡಿಸಿದ್ದಾರೆ.'

ಮೇಲೆ ತಲೆಬರಹ: 'ಗೇಟ್ ತೆಗೆದದ್ದು ನಾನೇ: ಆಯಾ ತಪ್ಪೊಪ್ಪಿಗೆ.'

ಜಯಾ ಪರದೆಯತ್ತ ಬಾಗಿದಳು. "ಸಾರ್, ಅವರು ಎರಡನ್ನೂ ಒಟ್ಟಿಗೆ ಹೇಳಿದ್ದು. ಒಂದು ಅರ್ಧಕ್ಕೆ ಒಪ್ಪಿಕೊಂಡಿದ್ದಾಳೆ, ಇನ್ನೊಂದು ಅರ್ಧಕ್ಕೆ ಹೇಳಿಕೊಂಡಿದ್ದಾಳೆ ಅಂದ್ರೆ ಹೆಂಗೆ?"

"ಗೇಟ್ ತೆಗೆದಿತ್ತಾ ಇಲ್ವಾ?"

"ತೆಗೆದಿತ್ತು."

"ಅದಕ್ಕೆ ಸಾಕ್ಷಿ ಇದೆ. ಮೇಡಂ ತೆಗಿ ಅಂದಿದ್ದಕ್ಕೆ? ಅವಳ ಬಾಯಿ ಬಿಟ್ರೆ ಏನಿದೆ? ಸಾಕ್ಷಿ ಇಲ್ದಿರೋದಕ್ಕೆ ಹೇಳಿಕೊಂಡರು. ನಾನೇ ಕಲಿಸಿದ್ದಲ್ವಾ ನಿಂಗೆ."

"ಗೇಟ್ ತೆಗೆಯೋದು ಅವರ ಕೆಲಸ ಸಾರ್. ಕೆಲಸ ಮಾಡಿದೆ ಅಂದ್ರೆ ಅದು ತಪ್ಪೊಪ್ಪಿಗೆ ಹೆಂಗಾಗುತ್ತೆ? ನೀವೇ ಅಂದಿದ್ರಿ, ಕೈ ನಡುಗ್ಬೇಕು ಅಂತ."

ಸೇತುರಾಮ ಕೈ ಚಾಚಿ ತೋರಿಸಿದ. ಬೆರಳುಗಳು ಅಲುಗಲಿಲ್ಲ. "ನಡುಗ್ತಿದೆಯಾ?" ಎಂದು ನಕ್ಕು, ಆಮೇಲೆ ದನಿ ತಗ್ಗಿಸಿದ. "ಬೇಕಿದ್ರೆ ಎರಡನೇದಕ್ಕೆ ಆರೋಪಿಸಿದ್ದಾಳೆ ಅಂತ ಹಾಕ್ಲಾ? ಆರೋಪ ಅಂದ್ರೆ ಆರೋಪ ಹೊತ್ತೋರು ಒಬ್ಬರು ಬೇಕು. ಆಗ ಯಜಮಾನ್ರ ಸೊಸೆ ಹೆಸರು ಅಲ್ಲಿಗೆ ಬಂದು ಕೂರುತ್ತೆ. ಹೇಳಿಕೊಂಡಿದ್ದಾಳೆ ಅಂದ್ರೆ ಯಾರ ಮೇಲೂ ಇಲ್ಲ, ಅವಳ ಮಾತು ಅವಳ ಹತ್ರಾನೇ ಇರುತ್ತೆ. ಇದು ಅನುಭವ. ಈ ತಿಂಗಳ ಕೊನೆಗೆ ನಿನ್ನ ಖಾಯಂ ಮಾಡೋಣ ಅಂತಿದೀನಿ, ಗೊತ್ತಲ್ಲ?"

ಗೊತ್ತಿತ್ತು. ಜಯಾ ತನ್ನ ಕುರ್ಚಿಗೆ ಹೋಗಿ ಕೂತಳು. ಮನು ಪುಟ ಕಳಿಸಿದ.

ಗುರುವಾರ ಪತ್ರಿಕೆ ಮನೆಮನೆಗೆ ಹೋಯಿತು. ಅದಕ್ಕಿಂತ ಮೊದಲೇ ತಲೆಬರಹದ ಫೋಟೋ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಿಗೆ ಹೋಗಿತ್ತು. ವರದಿಯನ್ನು ಕೊನೆತನಕ ಓದಿದವರು ಎಷ್ಟು ಜನವೋ. ತಲೆಬರಹ ಓದಿದವರಿಗೆ ಮಾತ್ರ ಎಲ್ಲ ಅರ್ಥವಾಗಿಬಿಟ್ಟಿತ್ತು. ಒಪ್ಪಿಕೊಂಡಿದ್ದಾಳಂತಲ್ಲ, ಇನ್ನೇನು?

ಟ್ಯಾಂಕರಿನ ಡ್ರೈವರ್ ಬಸವಂತನ ಮೇಲೆ ಮೊದಲ ದಿನವೇ ಕೇಸಾಗಿತ್ತು. ಪ್ಲೇ ಹೋಮಿನ ಕಡೆಯಿಂದ ಯಾರ ತಪ್ಪು ಎಂಬುದು ಬಾಕಿ ಇತ್ತು. ಮಗುವಿನ ಅಪ್ಪ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ, ಹೇಳಿಕೆ ಕೊಟ್ಟಿರಲಿಲ್ಲ. ಶುಕ್ರವಾರ ಅವನು ಪತ್ರಿಕೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡೇ ಠಾಣೆಗೆ ಹೋದ. ಪೊಲೀಸರಿಗೆ ಪತ್ರಿಕೆಯೇನೂ ಸಾಕ್ಷಿಯಲ್ಲ. ಆದರೆ ಅಪ್ಪನ ಹೇಳಿಕೆ ಬೇಕೇ ಬೇಕು, ಆ ಹೇಳಿಕೆಯಲ್ಲಿ ತಂಗೆವ್ವನ ಹೆಸರಿತ್ತು. ಅರ್ಪಿತಳ ಹೆಸರಿರಲಿಲ್ಲ. ತಂಗೆವ್ವನನ್ನು ಠಾಣೆಗೆ ಕರೆದು, ಸಂಜೆವರೆಗೆ ಕೂರಿಸಿ, ಜಾಮೀನಿನ ಮೇಲೆ ಬಿಟ್ಟರು. ಅಷ್ಟರಲ್ಲಿ ಪ್ಲೇ ಹೋಮಿನ ಕೆಲಸ ಹೋಗಿತ್ತು. ಬೆಳಿಗ್ಗೆ ಒಂದು ಮನೆಯಲ್ಲಿ ಕೂಸಿಗೆ ನೀರು ಹಾಕಲು ಹೋಗುತ್ತಿದ್ದಳು, ಅವರೂ ಬರಬೇಡ ಅಂದರು.

ಶನಿವಾರ ತಂಗೆವ್ವ ಎರಡು ಮಹಡಿ ಹತ್ತಿ ಪತ್ರಿಕೆಯ ಆಫೀಸಿಗೇ ಬಂದಳು. ಅವಳ ಗಂಡ ತಿಪ್ಪಣ್ಣ, ಸೆಕ್ಯುರಿಟಿ ಗಾರ್ಡ್ ಬಟ್ಟೆಯಲ್ಲೇ, ಬಾಗಿಲ ಹೊರಗೆ ನಿಂತ. ಒಳಗೆ ಚಿಕ್ಕಬೈರಪ್ಪ ಕಾಫಿ ಕುಡಿಯುತ್ತ ಕೂತಿದ್ದ. ತಂಗೆವ್ವನಿಗೆ ಓದು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದ್ದ ಪುಟವನ್ನು ಮೇಜಿನ ಮೇಲೆ ಹರಡಿ, ಬೇರೆ ಯಾರನ್ನೂ ನೋಡದೆ ಜಯಾಳನ್ನು ನೋಡಿದಳು.

"ತಂಗೀ, ನಾ ನಿನ್ನ ಮುಂದ ಏನಂದಿದ್ದೆ? ಇವರ ಮುಂದ ಹೇಳು."

ಜಯಾ ಎದ್ದು ನಿಂತಳು. "ಗೇಟ್ ತೆಗೆದೆ ಅಂದ್ರಿ."

"ಅದರ ಹಿಂದಿಂದು?"

ಜಯಾ ಸೇತುರಾಮನ ಕಡೆ ನೋಡಿದಳು. ಸೇತುರಾಮ ಮಧ್ಯೆ ಬಂದ. ಅವನಿಗೆ ಸಿಟ್ಟೂ ಇರಲಿಲ್ಲ, ಗಡಿಬಿಡಿಯೂ ಇರಲಿಲ್ಲ. "ಹಿಂದಿಂದೂ ಹಾಕಿದೀವಲ್ಲಮ್ಮ, ನೋಡಿಲ್ಲಿ. ಮೇಡಂ ಸೂಚಿಸಿದ್ದರು ಎಂದು ಹೇಳಿಕೊಂಡಿದ್ದಾಳೆ. ನೀನು ಆಡಿದ್ದು ಒಂದು ಮಾತೂ ಬಿಟ್ಟಿಲ್ಲ. ಬಿಟ್ಟಿದ್ರೆ ಕೇಳು."

ತಂಗೆವ್ವ ಪುಟದ ಮೇಲೆ ಬೆರಳಿಟ್ಟಳು, ಎಲ್ಲೋ ಒಂದು ಕಡೆ. ಸುಳ್ಳು ಎಲ್ಲಿದೆ ಎಂದು ಅವಳು ತೋರಿಸಬೇಕಿತ್ತು. ತೋರಿಸಲು ಸುಳ್ಳೇ ಇರಲಿಲ್ಲ. ಅವಳು ಆಡಿದ ಮಾತುಗಳೆಲ್ಲ ಅಲ್ಲಿದ್ದವು, ಆ ಮಾತುಗಳೇ ಅವಳ ಕೆಲಸ ತಿಂದಿದ್ದವು.

"ಹಂಗಲ್ರೀ ನಾ ಹೇಳಿದ್ದು," ಅಂದಳು. "ನಾ ತಪ್ಪು ಮಾಡೇನಿ ಅಂತ ಎಲ್ಲಿ ಅಂದೆ? ಕೇಳಿದ್ಲು, ಹೇಳಿದೆ."

"ಅದನ್ನೂ ಹಾಕೋಣ," ಅಂದ ಸೇತುರಾಮ. "ಪತ್ರಿಕೆ ತನ್ನ ಮಾತನ್ನ ತಿರುಚಿದೆ ಅಂತ ಆಯಾ ಆರೋಪಿಸಿದ್ದಾಳೆ, ಆರೋಪವನ್ನ ವರದಿಗಾರ್ತಿ ನಿರಾಕರಿಸಿದ್ದಾರೆ. ಮುಂದಿನ ವಾರ ಹಾಕ್ತೀನಿ. ಏನಮ್ಮ ಜಯಾ, ನಿರಾಕರಿಸ್ತೀಯಲ್ಲ?"

ಚಿಕ್ಕಬೈರಪ್ಪ ಲೋಟ ಕೆಳಗಿಟ್ಟು ಜಯಾಳ ಕಡೆ ನೋಡಿದ. ಅವನ ಮುಖದಲ್ಲಿ ನಗು ಇನ್ನೂ ಇತ್ತು. ವಿಮಲಾ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದಳು. ಅಷ್ಟು ಜನರ ನಡುವೆ ತಂಗೆವ್ವನ ಮಾತನ್ನು ಕಿವಿಯಾರೆ ಕೇಳಿದ್ದವಳು ಜಯಾ ಒಬ್ಬಳೇ, ಅವಳು ಹೇಳಿದ್ದರೆ ಆ ಹೆಂಗಸು ಒಂದು ಗಳಿಗೆಯಾದರೂ ತಲೆ ಎತ್ತಿ ನಿಲ್ಲುತ್ತಿದ್ದಳು. ಜಯಾ ತಲೆ ಆಡಿಸಿದಳು. ಮೇಲೆ ಕೆಳಗೆ, ಒಂದೇ ಸಲ.

ತಂಗೆವ್ವ ಪುಟವನ್ನು ಮಡಚಿಕೊಂಡು ಹೊರಟಳು. ಬಾಗಿಲಲ್ಲಿ ತಿಪ್ಪಣ್ಣ ಏನಾಯಿತು ಎಂದು ಕೇಳಿದ್ದು, ಅವಳು ಮೆಟ್ಟಿಲು ಇಳಿದದ್ದು ಜಯಾಗೆ ಕೇಳಿಸಿತು. "ಪಾಪ, ಕೆಟ್ಟೋಳಲ್ಲ," ಅಂದ ಚಿಕ್ಕಬೈರಪ್ಪ, ಉಳಿದ ಕಾಫಿ ಮುಗಿಸುತ್ತ.

ತಿಂಗಳ ಕೊನೆಗೆ ಜಯಾ ಖಾಯಂ ಆದಳು. ರೂಮಿನ ಹುಡುಗಿಯರಿಗೆ ಸ್ವೀಟು ಹಂಚಿದಳು, ತಾನೂ ತಿಂದಳು. ನಾಚಿಕೆ ಆಗಲಿಲ್ಲವೇ ಎಂದರೆ, ಆಯಿತು. ಆದರೆ ಸ್ವೀಟಿನ ರುಚಿ ಅದರಿಂದ ಕಡಿಮೆಯಾಗಲಿಲ್ಲ.

ಮುಂದಿನ ತಿಂಗಳು ಬಸವಂತನ ವಕೀಲ ಪೊಲೀಸರಿಗೆ ಬಸವಂತನ ಫೋನು ಒಪ್ಪಿಸಿದ. ಅದರಲ್ಲಿ ಅರ್ಪಿತ ಕಳಿಸಿದ ಧ್ವನಿ ಸಂದೇಶ ಇತ್ತು, ಅಪಘಾತದ ಬೆಳಿಗ್ಗೆಯದೇ: "ಬೇಗ ಬನ್ನಿ, ಗೇಟ್ ತೆಗೆಸಿರ್ತೀನಿ, ಸೀದಾ ಒಳಗೆ ರಿವರ್ಸ್ ತಗೊಳ್ಳಿ." ದಿನಪತ್ರಿಕೆಯೊಂದು ಅದನ್ನು ಮುಖಪುಟದಲ್ಲಿ ಹಾಕಿತು. ಆಯಾಳ ಮೇಲೆ ಗೂಬೆ ಕೂರಿಸಿದ ಸ್ಥಳೀಯ ವಾರಪತ್ರಿಕೆಯೊಂದರ ಬಗ್ಗೆಯೂ ಒಂದು ಸಾಲು ಬರೆಯಿತು.

ಚಿಕ್ಕಬೈರಪ್ಪ ಅವತ್ತು ಕಾಫಿ ಕುಡಿಯಲಿಲ್ಲ. ಸೇತುರಾಮನ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿ ಹೋದ. ಆಮೇಲೆ ಸೇತುರಾಮ ಜಯಾಳನ್ನು ಕರೆದು ಎದುರು ಕೂರಿಸಿದ.

"ಸ್ಪಷ್ಟನೆ ಹಾಕ್ಬೇಕು. ಏನಾಯ್ತು ಅಂತ ನಿನ್ನ ಬಾಯಲ್ಲೇ ಹೇಳು."

ಈ ಸಲವಾದರೂ ಹೇಳಬೇಕು ಅನ್ನಿಸಿತು ಜಯಾಗೆ. "ವರದಿ ಮಾಡಿದ್ದು ನಾನೇ ಸಾರ್. ಹೇಳಿದರು ಅಂತ ಬರೆದಿದ್ದೆ. ನೀವು ಬದಲಾಯಿಸಿದ್ರಿ."

"ಸರಿ," ಎಂದು ಸೇತುರಾಮ ಅವಳೆದುರೇ ಟೈಪ್ ಮಾಡಿದ. ಪರದೆಯನ್ನು ಅವಳ ಕಡೆ ತಿರುಗಿಸಿಯೇ ಇಟ್ಟಿದ್ದ, ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬಂತೆ.

'ಟ್ಯಾಂಕರ್ ಚಾಲಕನಿಗೆ ಧ್ವನಿ ಸಂದೇಶ ಕಳಿಸಿದ್ದಾಗಿ ಸಂಸ್ಥೆಯ ಮುಖ್ಯಸ್ಥೆ ಅರ್ಪಿತ ತಿಳಿಸಿದ್ದಾರೆ. ಹಿಂದಿನ ವರದಿಯನ್ನು ಮಾಡಿದ್ದು ತಾನೇ ಎಂದು ವರದಿಗಾರ್ತಿ ಜಯಾ ಒಪ್ಪಿಕೊಂಡಿದ್ದಾಳೆ. ಪದಗಳನ್ನು ಸಂಪಾದಕರು ಬದಲಾಯಿಸಿದರು ಎಂದು ಹೇಳಿಕೊಂಡಿದ್ದಾಳೆ. ಆಕೆಯನ್ನು ಕೆಲಸದಿಂದ ತೆಗೆಯಲಾಗಿದೆ.'

ಜಯಾ ಮೂರು ಸಲ ಓದಿದಳು. ತಪ್ಪು ತೋರಿಸಲು ಬೆರಳು ಎತ್ತಿದಳು. ಎಲ್ಲಿ ಇಡಬೇಕು ಎಂದು ತಿಳಿಯದೆ ಕೆಳಗಿಳಿಸಿದಳು. ಮೊನ್ನೆಯವರೆಗೆ ಅವಳಿಗಿದ್ದ ಬಹುವಚನವೂ ಹೋಗಿತ್ತು.

"ಏನಾದ್ರೂ ಬಿಟ್ಟಿದೀನಾ?" ಎಂದು ಕೇಳಿದ ಸೇತುರಾಮ.

ಅವತ್ತೇ ಸಂಜೆ ಅವಳು ತಂಗೆವ್ವನನ್ನು ಹುಡುಕಿಕೊಂಡು ಹೋದಳು. ತಂಗೆವ್ವ ಇದ್ದದ್ದು ಬಿಟಿಎಂನಲ್ಲೇ, ಜಯಾಳ ರೂಮಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ. ಇಷ್ಟು ದಿನ ಆ ಬೀದಿ ತಪ್ಪಿಸಿ ಸುತ್ತು ಹಾಕಿಕೊಂಡು ಓಡಾಡುತ್ತಿದ್ದಳು. ಶೀಟಿನ ಮನೆಯ ಬಾಗಿಲಲ್ಲಿ ಒಲೆ ಇಟ್ಟುಕೊಂಡು ತಂಗೆವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೂಸುಗಳಿರುವ ಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿರಲಿಲ್ಲ. ದಿನಪತ್ರಿಕೆ ಅರ್ಪಿತಳ ಹೆಸರು ಹಾಕಿದ ಮೇಲೂ ಸಿಕ್ಕಿರಲಿಲ್ಲ. ಕೇಸಿನಲ್ಲಿ ಅರ್ಪಿತಳ ಹೆಸರು ಸೇರಿತ್ತು, ತಂಗೆವ್ವನದು ಇನ್ನೂ ತೆಗೆದಿರಲಿಲ್ಲ. ತಪ್ಪೊಪ್ಪಿಗೆಯ ತಲೆಬರಹ ಎಲ್ಲರ ಫೋನಿನಲ್ಲೂ ಹಾಗೇ ಇತ್ತು.

ಜಯಾ ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತಳು, ಮೊದಲ ದಿನ ಕೂತ ಹಾಗೆಯೇ.

"ಎಕ್ಕಾ, ನಾ ಹಂಗ ಬರದಿರಲಿಲ್ಲ. ನೀ ಹೆಂಗ ಹೇಳಿದ್ದಿ ಹಂಗಽ ಬರದಿದ್ದೆ. ನಮ್ಮ ಸಾರ್ ಬದಲಿ ಮಾಡಿದ್ರು. ನನ್ನೂ ಕೆಲಸದಿಂದ ತೆಗದ್ರು. ನಾ ಖರೇನ ಹೇಳಾಕತ್ತೇನಿ."

ತಂಗೆವ್ವನ ಕೈ ನಿಲ್ಲಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದಳು. ಅದು ಉಬ್ಬುವವರೆಗೂ ಅದನ್ನೇ ನೋಡಿದಳು. ಆಮೇಲೆ ಜಯಾಳ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಜಯಾ ಕಾಲಿಗಾದರೂ ಬೀಳುತ್ತಿದ್ದಳು.

"ಹಂಗಂತ ನೀ ಅಂತಿ," ಅಂದಳು.

ಜಯಾ ಕಾದಳು. ಇನ್ನೊಂದು ಮಾತು ಬರಬಹುದು ಎಂದು ಕೂತೇ ಇದ್ದಳು.

"ರೊಟ್ಟಿ ಬೇಕಾಗಿದ್ರ ಎಷ್ಟು ಅಂತ ಹೇಳು," ಅಂದಳು ತಂಗೆವ್ವ, ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡು. "ಇಲ್ಲಾಂದ್ರ ಬಾಗಲಾ ಬಿಟ್ಟು ಕೂಡು. ಗಿರಾಕಿ ಬರೂ ಹೊತ್ತಾತು."